ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಹಿಂದೆ-ಮುಂದೆಯೋ, ಅಕ್ಕಪಕ್ಕವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಡೆತಗಳೆಲ್ಲ ಚೆನ್ನಾಗಿಯೇ ಬರುತ್ತವೆ, ಆದರೆ ಹೊಡೆದ ಮೇಲೆ ಎಲ್ಲಿ ನಿಲ್ಲಬೇಕೆಂಬುದೇ ಗೊತ್ತಾಗುವುದಿಲ್ಲ ಎನ್ನುವ ಜೋಡಿಗಳಿಗಾಗಿ ಈ ಪ್ರಶ್ನೋತ್ತರ. ಬೇರೆ ರೀತಿ ಹೇಳದ ಕಡೆಯೆಲ್ಲ ಇಬ್ಬರೂ ಬಲಗೈ ಆಟಗಾರರೆಂದು ಭಾವಿಸಿಕೊಳ್ಳಿ. ಎಡ, ಬಲ ಎಂದಾಗಲೆಲ್ಲ ನೆಟ್‌ನತ್ತ ಮುಖ ಮಾಡಿ ನಿಂತ ನಿಮ್ಮ ಎಡ, ಬಲ.

ಯಾವ ವ್ಯೂಹ ಯಾವಾಗ? ಒಂದೇ ಮಾತಿನಲ್ಲಿ ಹೇಳಬಹುದೇ?

ಹೇಳಬಹುದು. ನಿಮ್ಮ ಜೋಡಿಯ ರ‍್ಯಾಕೆಟ್‌ನಿಂದ ಷಟಲ್ ಕೆಳಮುಖವಾಗಿ ಹೋದರೆ ಹಿಂದೆ-ಮುಂದೆ, ಮೇಲಕ್ಕೆ ಎದ್ದರೆ ಅಕ್ಕಪಕ್ಕ. ಸ್ಮ್ಯಾಶ್, ಡ್ರಾಪ್, ನೆಟ್ ಮೇಲಿಂದ ಒತ್ತಿದ ಹೊಡೆತ ಇವೆಲ್ಲ ಮೊದಲನೆಯ ಬಗೆ. ಲಿಫ್ಟ್ ಮತ್ತು ಕ್ಲಿಯರ್ ಎರಡನೆಯ ಬಗೆ.

ಇದಕ್ಕೆ ಕಾರಣ ಸರಳವಾಗಿದೆ. ನೀವು ಕೆಳಕ್ಕೆ ಹೊಡೆದಾಗ ಎದುರಾಳಿ ಷಟಲ್ ಅನ್ನು ನೆಟ್‌ಗಿಂತ ಕೆಳಗೆ ಎತ್ತಿಕೊಳ್ಳಬೇಕಾಗುತ್ತದೆ. ಅವರ ಉತ್ತರ ಒಂದೋ ನೆಟ್ ಬಳಿ ಮೆಲ್ಲಗೆ ಬೀಳುತ್ತದೆ, ಇಲ್ಲವೇ ಎತ್ತರವಾಗಿ ಹಿಂಬದಿಗೆ ಬರುತ್ತದೆ. ಮೊದಲನೆಯದಕ್ಕೆ ಮುಂದೊಬ್ಬರು, ಎರಡನೆಯದಕ್ಕೆ ಹಿಂದೊಬ್ಬರು ಬೇಕು. ನೀವು ಎತ್ತಿ ಕೊಟ್ಟಾಗ ಲೆಕ್ಕ ತಿರುಗಿಬೀಳುತ್ತದೆ. ಎದುರಾಳಿ ಮೇಲಿಂದ ಸ್ಮ್ಯಾಶ್ ಮಾಡುತ್ತಾರೆ, ಆ ವೇಗದಲ್ಲಿ ಅಂಕಣದ ಅಗಲವನ್ನು ಒಬ್ಬರೇ ಕಾಯಲಾಗದು. ಡಬಲ್ಸ್ ಅಂಕಣದ ಅಗಲ 6.10 ಮೀಟರ್. ಅದನ್ನು ಇಬ್ಬರಲ್ಲಿ ಹಂಚಿದರೆ ತಲಾ ಮೂರು ಮೀಟರ್‌ಗಿಂತ ತುಸು ಹೆಚ್ಚು. ಒಂದು ಹೆಜ್ಜೆ ಮತ್ತು ರ‍್ಯಾಕೆಟ್ ಹಿಡಿದ ಕೈ ಚಾಚಿದರೆ ಅಷ್ಟು ಜಾಗ ಎಟುಕುತ್ತದೆ.

ಈ ವ್ಯೂಹಗಳನ್ನು ನಿಯಮಗಳಲ್ಲಿ ಹೇಳಿದೆಯೇ?

ಇಲ್ಲ. ಸರ್ವ್ ಮತ್ತು ಅದನ್ನು ಸ್ವೀಕರಿಸುವ ಹೊತ್ತಿನಲ್ಲಿ ಮಾತ್ರ ಆ ಇಬ್ಬರು ತಮ್ಮ ತಮ್ಮ ಚೌಕದೊಳಗೆ ಇರಬೇಕು. ಅವರ ಜೊತೆಗಾರರು ಎದುರಾಳಿಯ ನೋಟಕ್ಕೆ ಅಡ್ಡಬಾರದಂತೆ ತಮ್ಮ ಅಂಕಣದಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಸರ್ವ್ ಹಿಂದಿರುಗಿದ ಮೇಲೆ ಯಾರು ಬೇಕಾದರೂ ಹೊಡೆಯಬಹುದು, ಸರದಿಯೇನೂ ಇಲ್ಲ.

ದಾಳಿಯಲ್ಲಿರುವಾಗ ಮುಂದಿನ ಆಟಗಾರ ನೆಟ್‌ಗೆ ಎಷ್ಟು ಹತ್ತಿರ ನಿಲ್ಲಬೇಕು?

ಬಹುತೇಕರು ನಿಲ್ಲುವುದಕ್ಕಿಂತ ಹಿಂದೆ. ನೆಟ್‌ನಿಂದ 1.98 ಮೀಟರ್ ದೂರದಲ್ಲಿರುವ ಮುಂಭಾಗದ ಸರ್ವಿಸ್ ಗೆರೆಯನ್ನು ಗುರುತಾಗಿಟ್ಟುಕೊಳ್ಳಿ. ಅದರ ಮೇಲೆ ಅಥವಾ ಅದಕ್ಕಿಂತ ಅರ್ಧ ಹೆಜ್ಜೆ ಹಿಂದೆ ನಿಂತರೆ ನೆಟ್ ಬಳಿಯ ಷಟಲ್ ಒಂದು ಚಾಚು ಹೆಜ್ಜೆಗೆ ಸಿಗುತ್ತದೆ, ಚಪ್ಪಟೆಯಾಗಿ ಬರುವ ಉತ್ತರವನ್ನು ತಡೆಯಲೂ ಸಮಯವಿರುತ್ತದೆ. ನೆಟ್‌ಗೆ ಅಂಟಿಕೊಂಡು ನಿಂತವರ ಪಕ್ಕದಿಂದ ಚಪ್ಪಟೆ ಹೊಡೆತ ಹಾದುಹೋಗುವುದನ್ನು ಅವರು ತಲೆ ತಿರುಗಿಸಿ ನೋಡಬಹುದಷ್ಟೇ.

ರ‍್ಯಾಕೆಟ್ ಎದೆಗಿಂತ ಮೇಲಿರಲಿ, ಕಣ್ಣು ಎದುರಾಳಿಗಳ ಮೇಲಿರಲಿ. ಹಿಂದೆ ಜೊತೆಗಾರ ಏನು ಮಾಡುತ್ತಿದ್ದಾನೆಂದು ತಿರುಗಿ ನೋಡುವುದು ಬಲು ಸಾಮಾನ್ಯವಾದ ಚಾಳಿ. ಹಾಗೆ ನೋಡಿ ಮುಖ ಮರಳಿಸುವಷ್ಟರಲ್ಲಿ ಉತ್ತರ ಬಂದಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಮುಂದಿನವರು ಸದಾ ಮಧ್ಯರೇಖೆಯ ಮೇಲೆ ನಿಲ್ಲುವುದಲ್ಲ. ಷಟಲ್ ಎದುರಾಳಿಯ ಅಂಕಣದ ಯಾವ ಬದಿಗೆ ಹೋಯಿತೋ ಆ ಬದಿಗೆ ತುಸು ವಾಲಬೇಕು. ನಿಮ್ಮ ಜೊತೆಗಾರ ಬಲ ಹಿಂಬದಿಯಿಂದ ನೇರವಾಗಿ ಸ್ಮ್ಯಾಶ್ ಮಾಡಿದರೆ, ಅದೇ ದಾರಿಯಲ್ಲಿ ಮರಳುವ ಬ್ಲಾಕ್ ಅಥವಾ ಡ್ರೈವ್ ಎಲ್ಲಕ್ಕಿಂತ ಬೇಗ ಬರುವ ಉತ್ತರ. ಆದ್ದರಿಂದ ನೀವು ಮಧ್ಯದಿಂದ ಬಲಕ್ಕೆ ಒಂದು ಹೆಜ್ಜೆ ಇರಬೇಕು. ಓರೆಯಾಗಿ ಹೋಗುವ ಉತ್ತರ ಉದ್ದದ ದಾರಿ ಹಿಡಿಯುವುದರಿಂದ ಅದನ್ನು ಹಿಡಿಯಲು ತುಸು ಹೆಚ್ಚು ಹೊತ್ತು ಸಿಗುತ್ತದೆ.

ರಕ್ಷಣೆಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲಬೇಕೇ?

ಹೆಸರು ಅಕ್ಕಪಕ್ಕ ಎಂದಿದ್ದರೂ ಒಂದೇ ಸಾಲಿನಲ್ಲಿ ಅಲ್ಲ. ಎದುರಾಳಿ ಸ್ಮ್ಯಾಶ್ ಮಾಡಲು ಯಾವ ಮೂಲೆಗೆ ಹೋಗಿದ್ದಾರೋ ಅದಕ್ಕೆ ನೇರ ಎದುರಿಗೆ ಇರುವವರು ಸ್ವಲ್ಪ ಹಿಂದೆ, ಪಕ್ಕದ ಗೆರೆಯನ್ನು ಕಾಯುವಂತೆ ನಿಲ್ಲುತ್ತಾರೆ. ಓರೆಯಲ್ಲಿರುವವರು ಒಂದು ಹೆಜ್ಜೆ ಮುಂದೆ ಬಂದು ಮಧ್ಯಕ್ಕೆ ಸರಿಯುತ್ತಾರೆ. ಇಬ್ಬರನ್ನೂ ಕೂಡಿಸುವ ಒಂದು ಗೆರೆ ಎಳೆದರೆ ಅದು ನೆಟ್‌ಗೆ ಸಮಾನಾಂತರವಾಗಿರದೆ ತುಸು ಓರೆಯಾಗಿರುತ್ತದೆ.

ನೇರ ಸ್ಮ್ಯಾಶ್‌ಗಿಂತ ಓರೆ ಸ್ಮ್ಯಾಶ್ ಹೆಚ್ಚು ದೂರ ಸಾಗಬೇಕು. ಹಿಂದಿನ ಮೂಲೆಯಿಂದ ನಡು ಅಂಕಣದವರೆಗೆ ಲೆಕ್ಕ ಹಾಕಿದರೆ ಆ ವ್ಯತ್ಯಾಸ ಸುಮಾರು ಒಂದು ಮೀಟರ್ ಮಾತ್ರ. ಆದರೆ ಗರಿಗಳ ಷಟಲ್ ಗಾಳಿಯ ತಡೆಯಿಂದ ಬಲು ಬೇಗ ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಆ ಕೊನೆಯ ಮೀಟರ್‌ನಲ್ಲಿ ಅದು ನಿಧಾನವಾಗಿಯೂ ತಗ್ಗಾಗಿಯೂ ಇರುತ್ತದೆ. ಹಿಂದೆ ನಿಂತು ಕಾದರೆ ಅದು ಮೊಣಕಾಲಿನ ಕೆಳಗೆ ಸಿಗುತ್ತದೆ, ಮುಂದೆ ಬಂದರೆ ಸೊಂಟದ ಎತ್ತರದಲ್ಲಿ ಸಿಗುತ್ತದೆ. ಸೊಂಟದ ಎತ್ತರದಲ್ಲಿ ಸಿಕ್ಕ ಸ್ಮ್ಯಾಶ್ ಅನ್ನು ಚಪ್ಪಟೆಯಾಗಿ ತಿರುಗಿಸಿ ದಾಳಿಯನ್ನೇ ಕಸಿದುಕೊಳ್ಳಬಹುದು.

ಇಬ್ಬರ ನಡುವೆ ಬಂದ ಸ್ಮ್ಯಾಶ್ ಯಾರದು?

ಇದನ್ನು ಆಟದ ನಡುವೆ ತೀರ್ಮಾನಿಸಲಾಗದು, ಮೊದಲೇ ಮಾತಾಡಿಕೊಳ್ಳಬೇಕು. ಹೆಚ್ಚಾಗಿ ಕಲಿಸುವ ಪದ್ಧತಿಯಂತೆ ಓರೆಯಲ್ಲಿರುವವರದು, ಏಕೆಂದರೆ ನೇರ ಎದುರಿಗಿರುವವರ ಗಮನ ಪಕ್ಕದ ಗೆರೆಯ ಮೇಲಿರುತ್ತದೆ. ಕೆಲವು ಜೋಡಿಗಳು ಫೋರ್‌ಹ್ಯಾಂಡ್ ಯಾರ ಕಡೆ ಇದೆಯೋ ಅವರದು, ಅಂದರೆ ಎಡಗಡೆ ನಿಂತವರದು ಎಂದು ಇಟ್ಟುಕೊಳ್ಳುತ್ತವೆ. ನನಗೆ ಮೊದಲನೆಯದೇ ಮೇಲು ಅನಿಸುತ್ತದೆ, ಏಕೆಂದರೆ ಓರೆಯವರು ಹೇಗೂ ಮಧ್ಯಕ್ಕೆ ಸರಿದೇ ನಿಂತಿರುತ್ತಾರೆ. ಯಾವುದನ್ನು ಆರಿಸಿಕೊಂಡರೂ ಪಂದ್ಯದ ನಡುವೆ ಬದಲಿಸಬೇಡಿ. ಇಬ್ಬರೂ ಕೈ ಹಾಕಿ ಷಟಲ್ ಒಬ್ಬರ ರ‍್ಯಾಕೆಟ್‌ನಿಂದ ಮತ್ತೊಬ್ಬರ ರ‍್ಯಾಕೆಟ್‌ಗೆ ತಗುಲಿದರೆ ಅದು ತಪ್ಪು ಹೊಡೆತ, ಅಂಕ ಎದುರಾಳಿಗೆ.

ಮುಂದಿದ್ದವರು ಲಿಫ್ಟ್ ಮಾಡಿದರೆ ಯಾವ ಬದಿಗೆ ಹೋಗಬೇಕು?

ಲಿಫ್ಟ್ ಮಾಡಿದ ಜಾಗ ಯಾವ ಬದಿಯೋ ಆ ಬದಿಯಲ್ಲೇ ಹಿಂದಕ್ಕೆ ಸರಿಯಬೇಕು. ನೆಟ್‌ನ ಬಲಗಡೆಯಲ್ಲಿ ಎತ್ತಿದರೆ ಬಲಭಾಗದ ನಡುವಿಗೆ. ಉಳಿದ ಬದಿಯನ್ನು ತುಂಬುವ ಹೊಣೆ ಹಿಂದಿದ್ದವರದು. ಹಿಂದಿರುವವರಿಗೆ ಇಡೀ ಅಂಕಣ, ಜೊತೆಗಾರನ ಬೆನ್ನು ಎರಡೂ ಕಾಣುತ್ತವೆ, ಮುಂದಿರುವವರಿಗೆ ಹಿಂದೆ ಕಾಣುವುದಿಲ್ಲ. ಕಾಣುವವರು ಕಾಣದವರಿಗೆ ಹೊಂದಿಕೊಳ್ಳಬೇಕು.

ಷಟಲ್ ಸರಿಯಾಗಿ ಮಧ್ಯದಲ್ಲಿ ಸಿಕ್ಕಿ ಅಲ್ಲಿಂದ ಎತ್ತಿದರೆ? ಆಗಲೂ ಅದೇ. ಮುಂದಿನವರು ಯಾವುದಾದರೊಂದು ಬದಿಯನ್ನು ಸ್ಪಷ್ಟವಾಗಿ ಆರಿಸಿ ಹೊರಡಬೇಕು, ಹಿಂದಿನವರು ಅದನ್ನು ನೋಡಿ ಇನ್ನೊಂದಕ್ಕೆ ಹೋಗುತ್ತಾರೆ. ಅನುಮಾನಿಸುತ್ತಾ ಮಧ್ಯರೇಖೆಯ ಮೇಲೆ ನೇರವಾಗಿ ಹಿಂದಕ್ಕೆ ಬರುವುದೇ ಕೆಡುಕು. ಆಗ ಇಬ್ಬರೂ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಎರಡೂ ಪಕ್ಕದ ಗೆರೆಗಳು ತೆರೆದಿರುತ್ತವೆ.

ಲಿಫ್ಟ್‌ನ ಎತ್ತರವೂ ವ್ಯೂಹದ ಭಾಗವೇ. ತಗ್ಗಾದ, ಗಿಡ್ಡ ಲಿಫ್ಟ್ ಕೊಟ್ಟರೆ ನೀವು ಸ್ಥಾನಕ್ಕೆ ತಲುಪುವ ಮುನ್ನವೇ ಸ್ಮ್ಯಾಶ್ ಬರುತ್ತದೆ. ಸ್ಥಾನಕ್ಕೆ ಎಷ್ಟು ದೂರವಿದೆಯೋ ಅಷ್ಟು ಎತ್ತರಿಸಿ. ಸ್ಮ್ಯಾಶ್ ಬರುವ ಕ್ಷಣದಲ್ಲಿ ಇನ್ನೂ ಓಡುತ್ತಿದ್ದರೆ ಇರುವ ಜಾಗದಲ್ಲೇ ನಿಂತುಬಿಡಿ. ಸರಿಯಾದ ಸ್ಥಾನಕ್ಕೆ ಓಡುತ್ತಿರುವವರಿಗಿಂತ ತಪ್ಪಾದ ಸ್ಥಾನದಲ್ಲಿ ಸ್ಥಿರವಾಗಿ ನಿಂತವರಿಗೆ ಸ್ಮ್ಯಾಶ್ ಎತ್ತುವುದು ಸುಲಭ.

ಹಿಂದಿನವರು ಕ್ಲಿಯರ್ ಮಾಡಿದ್ದು ಮುಂದಿನವರಿಗೆ ಹೇಗೆ ತಿಳಿಯಬೇಕು?

ಕ್ಲಬ್ ಮಟ್ಟದಲ್ಲಿ ಅತಿ ಹೆಚ್ಚು ಅಂಕಗಳು ಸೋರಿಹೋಗುವುದು ಇಲ್ಲೇ. ಹಿಂದಿನವರು ಒತ್ತಡದಲ್ಲಿ ಕ್ಲಿಯರ್ ಮಾಡಿ ತಮ್ಮ ಮಟ್ಟಿಗೆ ರಕ್ಷಣೆಗೆ ಇಳಿದಿರುತ್ತಾರೆ. ಮುಂದಿನವರು ಇನ್ನೂ ದಾಳಿಯ ಗುಂಗಿನಲ್ಲಿ ನೆಟ್ ಬಳಿ ರ‍್ಯಾಕೆಟ್ ಎತ್ತಿ ಕಾಯುತ್ತಿರುತ್ತಾರೆ. ಸ್ಮ್ಯಾಶ್ ಅವರ ಮುಖದತ್ತಲೇ ಬರಬಹುದು.

ತಿಳಿಯಲು ಮೂರು ಸುಳಿವುಗಳಿವೆ. ನಿಮ್ಮ ತಲೆಯ ಮೇಲಿಂದ ಷಟಲ್ ಎತ್ತರಕ್ಕೆ ಹೋಗುವುದು ಕಾಣುತ್ತದೆ. ಅದಕ್ಕೂ ಮೊದಲು ಎದುರಾಳಿಗಳ ಮೈ ಹೇಳುತ್ತದೆ: ಅವರು ಬಗ್ಗಿ ಕಾಯುವುದನ್ನು ಬಿಟ್ಟು ಹಿಂದಕ್ಕೆ ಹೆಜ್ಜೆ ಹಾಕತೊಡಗಿದರೆ ಷಟಲ್ ಎತ್ತರದಲ್ಲಿದೆ ಎಂದೇ ಅರ್ಥ. ಮೂರನೆಯದು ಜೊತೆಗಾರನ ದನಿ. ಒಂದೇ ಪದ ಸಾಕು, "ಹಿಂದೆ" ಎಂದೋ "ಬಾ" ಎಂದೋ. ಕ್ಲಿಯರ್ ಮಾಡಿದವರು ಹೊಡೆಯುತ್ತಲೇ ಕೂಗಬೇಕು.

ಹಿಂದಕ್ಕೆ ಬರುವ ಬದಿ ಯಾವುದು? ಇಲ್ಲಿ ಕ್ಲಿಯರ್ ಮಾಡಿದವರು ಮೂಲೆಯಲ್ಲಿ ಸಿಕ್ಕಿಕೊಂಡಿರುವುದರಿಂದ ಅವರು ಅದೇ ಬದಿಯಲ್ಲಿ ಮುಂದೆ ಬರುತ್ತಾರೆ. ಮುಂದಿನವರು ಮತ್ತೊಂದು ಬದಿಗೆ ಓರೆಯಾಗಿ ಹಿಂದೆ ಸರಿಯಬೇಕು. ಜೊತೆಗಾರ ಯಾವ ಮೂಲೆಗೆ ಓಡಿದ ಎಂಬುದು ನಿಮಗೆ ಗೊತ್ತಿರುತ್ತದೆ, ಏಕೆಂದರೆ ಎದುರಾಳಿ ಎತ್ತಿದ ಷಟಲ್ ನಿಮ್ಮ ಯಾವ ಭುಜದ ಮೇಲಿಂದ ದಾಟಿತೆಂದು ನೋಡಿರುತ್ತೀರಿ. ಎದುರಾಳಿಗೆ ಬೆನ್ನು ತೋರಿಸಿ ಓಡಬೇಡಿ, ಮುಖ ಅವರತ್ತಲೇ ಇರಲಿ.

ರಕ್ಷಣೆಯಿಂದ ದಾಳಿಗೆ ಯಾವಾಗ ಹೊರಳಬೇಕು?

ಎದುರಾಳಿ ಷಟಲ್ ಅನ್ನು ಮೇಲಕ್ಕೆ ಹೊಡೆಯಲೇಬೇಕಾದ ಸ್ಥಿತಿಗೆ ಬಂದಾಗ. ಅದಕ್ಕೆ ಮುಂಚೆ ಹೊರಳಿದರೆ ದುಡುಕು. ನೀವು ಒಳ್ಳೆಯ ಬ್ಲಾಕ್ ಮಾಡಿದ್ದೀರಿ ಎಂದುಕೊಳ್ಳಿ. ಎದುರಾಳಿಯ ಮುಂದಿನ ಆಟಗಾರ ಅದನ್ನು ನೆಟ್‌ನ ಅಂಚಿನ ಎತ್ತರದಲ್ಲೇ ಹಿಡಿದರೆ ನೀವು ಇನ್ನೂ ರಕ್ಷಣೆಯಲ್ಲೇ ಇದ್ದೀರಿ, ಅವರು ಅದನ್ನು ಕೆಳಕ್ಕೆ ಒತ್ತಿಬಿಡುತ್ತಾರೆ. ಷಟಲ್ ಅಂಚಿಗಿಂತ ಕೆಳಗೆ ಇಳಿದ ಮೇಲೆ ಅವರ ಕೈಗೆ ಸಿಕ್ಕಿದರೆ ಆಗ ಮುನ್ನುಗ್ಗಿ. ನೆಟ್‌ನ ಎತ್ತರ ಮಧ್ಯದಲ್ಲಿ 1.524 ಮೀಟರ್. ಎದುರಾಳಿಯ ರ‍್ಯಾಕೆಟ್‌ನ ತಲೆ ಆ ಅಂಚಿನ ಮೇಲಿದೆಯೋ ಕೆಳಗಿದೆಯೋ ಎಂಬ ಒಂದೇ ನೋಟ ತೀರ್ಮಾನಕ್ಕೆ ಸಾಕು.

ಯಾರು ಮುಂದೆ, ಯಾರು ಹಿಂದೆ ಎಂಬುದಕ್ಕೆ ಸಂದರ್ಭಕ್ಕೊಂದು ಉತ್ತರ. ಬ್ಲಾಕ್ ಮಾಡಿದವರು ತಮ್ಮ ಷಟಲ್‌ನ ಹಿಂದೆಯೇ ನೆಟ್‌ಗೆ ಹೋಗುತ್ತಾರೆ, ಜೊತೆಗಾರ ಹಿಂಬದಿಯನ್ನು ನೋಡಿಕೊಳ್ಳುತ್ತಾರೆ. ಬ್ಲಾಕ್ ಏನೂ ಇಲ್ಲದೆ ಎದುರಾಳಿ ತಾನಾಗಿಯೇ ಎತ್ತಿಕೊಟ್ಟರೆ, ಯಾರ ಬದಿಗೆ ಬಂದಿದೆಯೋ ಅವರು ಹಿಂದೆ ಹೋಗಿ ಹೊಡೆಯುತ್ತಾರೆ, ಇನ್ನೊಬ್ಬರು ಮುಂದಕ್ಕೆ.

ಒಂದು ಇಡೀ ರ‍್ಯಾಲಿಯನ್ನು ಬಿಡಿಸಿ ತೋರಿಸಬಹುದೇ?

ಖಂಡಿತ. ನಮ್ಮ ಜೋಡಿ ‘ಎ’ ಮತ್ತು ‘ಬಿ’. ‘ಎ’ ಬಲ ಚೌಕದಿಂದ ತಗ್ಗಾದ ಸರ್ವ್ ಮಾಡುತ್ತಾನೆ, ‘ಬಿ’ ಅವನ ಹಿಂದೆ ಮಧ್ಯರೇಖೆಯ ಮೇಲೆ ನಿಂತಿದ್ದಾನೆ. ಇದು ಹಿಂದೆ-ಮುಂದೆ ವ್ಯೂಹ.

ಎದುರಾಳಿ ಸರ್ವ್ ಅನ್ನು ನಮ್ಮ ಎಡ ಪಕ್ಕದ ಗೆರೆಯತ್ತ, ನಡು ಅಂಕಣಕ್ಕೆ ಒತ್ತುತ್ತಾನೆ. ಜಾಣ ಆಯ್ಕೆ, ಏಕೆಂದರೆ ಹಿಂದೆ-ಮುಂದೆ ವ್ಯೂಹದ ತೂತು ಇರುವುದೇ ಅಲ್ಲಿ: ಮುಂದಿನವನಿಗೆ ತುಸು ಹಿಂದಾಗುತ್ತದೆ, ಹಿಂದಿನವನಿಗೆ ತುಸು ಮುಂದಾಗುತ್ತದೆ. ‘ಬಿ’ ಎಡಕ್ಕೆ ಹಾರಿ ಮೊಣಕಾಲಿನ ಎತ್ತರದಲ್ಲಿ ಹೇಗೋ ಎಟುಕಿಸಿಕೊಂಡು, ಎಡಗೆರೆಯ ನೇರಕ್ಕೆ ಎತ್ತರವಾಗಿ ಲಿಫ್ಟ್ ಮಾಡುತ್ತಾನೆ. ಷಟಲ್ ಮೇಲೆದ್ದಿದೆ, ಹೊರಳಬೇಕು. ‘ಬಿ’ ಎಡದಲ್ಲೇ ಉಳಿಯುತ್ತಾನೆ. ‘ಎ’ ನೆಟ್ ಬಳಿಯಿಂದ ಬಲಭಾಗದ ನಡುವಿಗೆ ಹಿಂದೆ ಸರಿಯುತ್ತಾನೆ. ಲಿಫ್ಟ್ ಎತ್ತರವಾಗಿದ್ದರಿಂದ ಅವನಿಗೆ ಸಮಯ ಸಿಕ್ಕಿದೆ.

ಸ್ಮ್ಯಾಶ್ ಮಾಡುವವನು ‘ಬಿ’ಯ ನೇರ ಎದುರಿಗಿದ್ದಾನೆ. ಆದ್ದರಿಂದ ‘ಎ’ ಓರೆಯವನಾಗಿ ಒಂದು ಹೆಜ್ಜೆ ಮುಂದೆ, ಮಧ್ಯಕ್ಕೆ ಬರುತ್ತಾನೆ. ಸ್ಮ್ಯಾಶ್ ನೇರವಾಗಿ ‘ಬಿ’ಯ ಮೈಮೇಲೆ ಬರುತ್ತದೆ. ‘ಬಿ’ ರ‍್ಯಾಕೆಟ್ ಅಡ್ಡ ಹಿಡಿದು ಮೆಲ್ಲಗೆ ಬ್ಲಾಕ್ ಮಾಡುತ್ತಾನೆ. ಷಟಲ್ ನೆಟ್ ದಾಟಿ ಬೀಳತೊಡಗುತ್ತದೆ. ಎದುರಾಳಿಯ ಮುಂದಿನ ಆಟಗಾರ ಓಡಿಬರುತ್ತಾನೆ, ಆದರೆ ಅವನ ರ‍್ಯಾಕೆಟ್ ಅಂಚಿಗಿಂತ ಕೆಳಗಿದೆ. ಇದನ್ನು ಕಂಡ ‘ಬಿ’ ಎರಡು ಹೆಜ್ಜೆ ಮುಂದಿಟ್ಟು ನೆಟ್ ಬಳಿಯ ದಾರಿ ಮುಚ್ಚುತ್ತಾನೆ. ಬೇರೆ ದಾರಿಯಿಲ್ಲದೆ ಎದುರಾಳಿ ನಮ್ಮ ಬಲ ಹಿಂಬದಿಗೆ ಓರೆಯಾಗಿ ಎತ್ತುತ್ತಾನೆ. ‘ಎ’ ಹಿಂದೆ ಹೋಗಿ ಬಲಗೆರೆಯ ನೇರಕ್ಕೆ ಸ್ಮ್ಯಾಶ್ ಮಾಡುತ್ತಾನೆ, ‘ಬಿ’ ಮುಂದೆ ಬಲಕ್ಕೆ ವಾಲಿ ನಿಲ್ಲುತ್ತಾನೆ. ಈಗ ನಾವು ದಾಳಿಯಲ್ಲಿದ್ದೇವೆ. ಸರ್ವ್ ಮಾಡಿ ಮುಂದಿದ್ದವನು ಹಿಂದಾಗಿದ್ದಾನೆ, ಅದರಿಂದೇನೂ ತೊಂದರೆಯಿಲ್ಲ.

ಆಟ ಕಠಿಣವಾಗುವುದು ಇಲ್ಲಿಂದ. ಎದುರಾಳಿ ಆ ಸ್ಮ್ಯಾಶ್ ಅನ್ನು ನಮ್ಮ ಎಡ ಹಿಂಬದಿಗೆ ಓರೆಯಾಗಿ ಎತ್ತುತ್ತಾನೆ. ‘ಎ’ ಇಡೀ ಅಗಲವನ್ನು ಓಡಿ ತಲುಪುವಷ್ಟರಲ್ಲಿ ಷಟಲ್ ಅವನ ಮೈಗಿಂತ ಹಿಂದಕ್ಕೆ ಇಳಿದಿದೆ. ದಾಳಿಯಲ್ಲಿದ್ದೇವೆಂಬ ಹುರುಪಿಗೆ ಇಲ್ಲೂ ಸ್ಮ್ಯಾಶ್ ಮಾಡುವವರೇ ಹೆಚ್ಚು. ಸಮತೋಲ ತಪ್ಪಿ ಹೊಡೆದ ಸ್ಮ್ಯಾಶ್ ಚಪ್ಪಟೆಯಾಗಿ, ನಿಧಾನವಾಗಿ ಹೋಗುತ್ತದೆ. ಎದುರಾಳಿ ಅದನ್ನು ಖಾಲಿಯಿರುವ ಬಲಗಡೆಗೆ ಡ್ರೈವ್ ಮಾಡಿದರೆ ‘ಎ’ ಅಲ್ಲಿಗೆ ತಲುಪಲಾರ. ‘ಎ’ ಮುಂದೆ ಇರುವುದು ಎರಡೇ ಒಳ್ಳೆಯ ದಾರಿ. ಡ್ರಾಪ್ ಮಾಡಿದರೆ ಷಟಲ್ ಕೆಳಮುಖವಾಗಿಯೇ ಇರುತ್ತದೆ, ವ್ಯೂಹ ಬದಲಾಗುವುದಿಲ್ಲ, ‘ಬಿ’ ಎಡಕ್ಕೆ ವಾಲಿ ನೆಟ್ ಕಾಯುತ್ತಾನೆ. ಅದೂ ಕಷ್ಟವೆನಿಸುವಷ್ಟು ತಡವಾಗಿದ್ದರೆ ಎತ್ತರವಾದ ಕ್ಲಿಯರ್ ಮಾಡಿ "ಹಿಂದೆ" ಎಂದು ಕೂಗಬೇಕು. ಆಗ ‘ಎ’ ಎಡದಲ್ಲಿ, ‘ಬಿ’ ಬಲದಲ್ಲಿ, ಮತ್ತೆ ಅಕ್ಕಪಕ್ಕ.

ಚಪ್ಪಟೆ ಡ್ರೈವ್‌ಗಳು ಹರಿದಾಡುವಾಗ ಯಾವ ವ್ಯೂಹ?

ನಿಜ ಹೇಳಬೇಕೆಂದರೆ ಎರಡೂ ಅಲ್ಲ. ಷಟಲ್ ನೆಟ್‌ನ ಎತ್ತರದಲ್ಲೇ ಹೋಗಿಬರುತ್ತಿರುವಾಗ ಇಬ್ಬರೂ ಸಾಮಾನ್ಯ ರಕ್ಷಣೆಗಿಂತ ಒಂದೆರಡು ಹೆಜ್ಜೆ ಮುಂದೆ, ಓರೆ ಸಾಲಿನಲ್ಲಿ ಇರುತ್ತಾರೆ. ಡ್ರೈವ್ ಹೊಡೆಯುತ್ತಿರುವವರು ತುಸು ಹಿಂದೆ, ಇನ್ನೊಬ್ಬರು ತುಸು ಮುಂದೆ. ಯಾರ ಹೊಡೆತ ಮೊದಲು ಎದುರಾಳಿಯನ್ನು ಎತ್ತುವಂತೆ ಮಾಡುತ್ತದೋ ಅವರ ಜೋಡಿ ಆ ಓರೆಯನ್ನು ಪೂರ್ತಿ ಹಿಂದೆ-ಮುಂದೆಯಾಗಿ ಮಾಡಿಕೊಳ್ಳುತ್ತದೆ.

ಸರ್ವ್ ವೇಳೆಗೆ ಹೇಗೆ ನಿಲ್ಲಬೇಕು?

ತಗ್ಗು ಸರ್ವ್‌ಗೆ ಹಿಂದೆ-ಮುಂದೆ. ಎತ್ತರದ ಫ್ಲಿಕ್ ಸರ್ವ್ ಮಾಡಿದ ಕೂಡಲೇ ಅಕ್ಕಪಕ್ಕ, ಏಕೆಂದರೆ ನೀವೇ ಎತ್ತಿಕೊಟ್ಟಿದ್ದೀರಿ. ಸರ್ವ್ ಮಾಡಿದವರು ತಾವಿರುವ ಬದಿಯಲ್ಲೇ ಹಿಂದೆ ಸರಿಯುತ್ತಾರೆ. ಡಬಲ್ಸ್‌ನಲ್ಲಿ ಸರ್ವ್ ಹಿಂದಿನ ಗೆರೆಗಿಂತ 0.76 ಮೀಟರ್ ಒಳಗೇ ಬೀಳಬೇಕಾದ್ದರಿಂದ ಫ್ಲಿಕ್ ಅನ್ನು ಪೂರ್ತಿ ಹಿಂದಕ್ಕೆ ಕಳಿಸಲಾಗದು. ಎದುರಾಳಿಗೆ ಅದು ಹೊಡೆಯುವ ಎತ್ತರದಲ್ಲೇ ಸಿಗುವ ಸಂಭವ ಹೆಚ್ಚು. ಹೀಗಾಗಿ ಫ್ಲಿಕ್ ಮಾಡುವ ಮುನ್ನ ಬೆನ್ನ ಹಿಂದೆ ಬೆರಳಿನ ಸನ್ನೆಯಿಂದ ಜೊತೆಗಾರನಿಗೆ ತಿಳಿಸುವುದು ಒಳ್ಳೆಯದು.

ಒಬ್ಬರು ಎಡಗೈ ಆಟಗಾರರಾದರೆ?

ವ್ಯೂಹದ ತತ್ವ ಬದಲಾಗದು, ನಡುವಿನ ಷಟಲ್‌ನ ಲೆಕ್ಕ ಬದಲಾಗುತ್ತದೆ. ಎಡಗೈಯವರು ಬಲಬದಿಯಲ್ಲೂ ಬಲಗೈಯವರು ಎಡಬದಿಯಲ್ಲೂ ನಿಂತರೆ ಇಬ್ಬರ ಫೋರ್‌ಹ್ಯಾಂಡ್ ಮಧ್ಯಕ್ಕೆ ಬರುತ್ತದೆ, ಅಲ್ಲಿ ರ‍್ಯಾಕೆಟ್‌ಗಳು ತಾಗುವ ಅಪಾಯ ಹೆಚ್ಚು. ಬದಿ ಅದಲುಬದಲಾದರೆ ಎರಡೂ ಬ್ಯಾಕ್‌ಹ್ಯಾಂಡ್ ಮಧ್ಯದಲ್ಲಿ. ಎರಡೂ ಸಂದರ್ಭಕ್ಕೆ ಒಪ್ಪಂದ ಬೇಕು. 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ಜ್ವಾಲಾ ಗುಟ್ಟಾ ಮತ್ತು ಅಶ್ವಿನಿ ಪೊನ್ನಪ್ಪ ಇಂಥದೇ ಎಡಗೈ-ಬಲಗೈ ಜೋಡಿ.

ಮಿಶ್ರ ಡಬಲ್ಸ್‌ನಲ್ಲಿ?

ಸಾಮಾನ್ಯವಾಗಿ ಮಹಿಳೆ ಮುಂದೆ, ಪುರುಷ ಹಿಂದೆ ಇರುವ ವ್ಯೂಹವನ್ನು ಆದಷ್ಟು ಉಳಿಸಿಕೊಳ್ಳಲು ನೋಡುತ್ತಾರೆ. ಎತ್ತಲೇಬೇಕಾಗಿ ಬಂದಾಗ ಆಕೆ ಸ್ಮ್ಯಾಶ್ ಮಾಡುವವರಿಗೆ ಓರೆಯಾಗಿರುವ ಬದಿಗೆ ಸರಿಯುತ್ತಾರೆ, ನೇರ ಬದಿಯನ್ನು ಪುರುಷ ಆಟಗಾರ ವಹಿಸಿಕೊಳ್ಳುತ್ತಾರೆ. ಓರೆಯವರು ಹೇಗೂ ಮುಂದಿರಬೇಕಾದ್ದರಿಂದ, ನೆಟ್‌ಗೆ ಮರಳುವ ದಾರಿಯೂ ಆಕೆಗೆ ಹತ್ತಿರವಾಗುತ್ತದೆ. ಇದು ರೂಢಿಯೇ ಹೊರತು ನಿಯಮವಲ್ಲ. ಹಿಂದಿನಿಂದ ಚೆನ್ನಾಗಿ ಹೊಡೆಯಬಲ್ಲ ಮಹಿಳೆಯನ್ನು ಬಲವಂತವಾಗಿ ಮುಂದೆ ನಿಲ್ಲಿಸುವುದು ಜೋಡಿಗೇ ನಷ್ಟ.

ನಮ್ಮ ಹೊರಳುವಿಕೆ ಎಲ್ಲಿ ಎಡವುತ್ತಿದೆ ಎಂದು ತಿಳಿಯುವುದು ಹೇಗೆ?

ಕಳೆದುಕೊಂಡ ಅಂಕಗಳು ಎಲ್ಲಿ ಬಿದ್ದವೆಂದು ನೋಡಿ. ಅಂಕಣದ ಹಿಂದೆ ನಿಲ್ಲಿಸಿದ ಮೊಬೈಲ್‌ನ ವಿಡಿಯೊ ಇದಕ್ಕೆ ಸಾಕು. ಷಟಲ್ ನಡು ಅಂಕಣದ ಪಕ್ಕದ ಗೆರೆಗಳ ಬಳಿ ಬೀಳುತ್ತಿದ್ದರೆ, ಎತ್ತಿದ ಮೇಲೂ ನೀವು ಹಿಂದೆ-ಮುಂದೆಯೇ ಉಳಿದಿದ್ದೀರಿ. ನೆಟ್ ಬಳಿ ಮೆಲ್ಲಗೆ ಬೀಳುತ್ತಿದ್ದರೆ, ದಾಳಿ ಸಿಕ್ಕ ಮೇಲೂ ಅಕ್ಕಪಕ್ಕವೇ ನಿಂತಿದ್ದೀರಿ, ಹಿಂದಿನವರು ಹೊಡೆಯುತ್ತಿದ್ದಾರೆ, ಮುಂದೆ ಯಾರೂ ಇಲ್ಲ. ಇಬ್ಬರ ನಡುವೆ ಬೀಳುತ್ತಿದ್ದರೆ ವ್ಯೂಹ ಸರಿಯಿದೆ, ಒಪ್ಪಂದ ಇಲ್ಲ. ಇಬ್ಬರೂ ಒಂದೇ ಬದಿಗೆ ಓಡಿ ಡಿಕ್ಕಿ ಹೊಡೆಯುತ್ತಿದ್ದರೆ, ಹಿಂದಿನವರು ಮುಂದಿನವರನ್ನು ನೋಡದೆ ತಮ್ಮಷ್ಟಕ್ಕೆ ಬದಿ ಆರಿಸುತ್ತಿದ್ದಾರೆ.

ತಿದ್ದಲು ಒಂದು ಅಭ್ಯಾಸ ಸಾಕಷ್ಟು ಕೆಲಸ ಮಾಡುತ್ತದೆ. ನಾಲ್ವರೂ ಅರ್ಧ ವೇಗದಲ್ಲಿ ಆಡಿ. ಹೊಡೆದವರು ಪ್ರತಿ ಹೊಡೆತದ ಜೊತೆಗೆ "ಮೇಲೆ" ಅಥವಾ "ಕೆಳಗೆ" ಎಂದು ಗಟ್ಟಿಯಾಗಿ ಹೇಳಬೇಕು, ಜೊತೆಗಾರ ಆ ಪದಕ್ಕೆ ತಕ್ಕಂತೆ ಸ್ಥಾನ ಹಿಡಿಯಬೇಕು. ಅಂಕ ಎಣಿಸಬೇಡಿ, ಎಣಿಸತೊಡಗಿದರೆ ಎಲ್ಲರೂ ಸ್ಮ್ಯಾಶ್‌ಗೆ ಇಳಿಯುತ್ತಾರೆ. ಪದ ಕೇಳುವ ಮೊದಲೇ ಜೊತೆಗಾರನ ಕಾಲು ಹೊರಡತೊಡಗಿದಾಗ ಕೂಗುವುದನ್ನು ನಿಲ್ಲಿಸಿ ವೇಗ ಹೆಚ್ಚಿಸಿ. ಕ್ಲಿಯರ್ ಮಾಡಿದಾಗಿನ ಕೂಗನ್ನು ಮಾತ್ರ ಪಂದ್ಯಗಳಲ್ಲೂ ಉಳಿಸಿಕೊಳ್ಳಿ.